ತಜ್ಞರ ಅಭಿಪ್ರಾಯ ಮತ್ತು ನ್ಯಾಯಾಲಯ: ವೈದ್ಯಕೀಯ ಸಾಕ್ಷ್ಯದ ತೂಕ ಎಷ್ಟು?

ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನು ತಾನು ಕಂಡದ್ದನ್ನು, ಕೇಳಿದ್ದನ್ನು, ಇಂದ್ರಿಯಗಳಿಂದ ಅರಿತದ್ದನ್ನು ಮಾತ್ರ ಹೇಳಬೇಕು, ಅದರಿಂದ ಏನನ್ನು ಊಹಿಸಬೇಕೆಂಬುದು ನ್ಯಾಯಾಧೀಶರ ಕೆಲಸ ಎಂಬುದು ಸಾಕ್ಷ್ಯ ಕಾನೂನಿನ ಮೂಲ ನಿಯಮ. ಈ ನಿಯಮಕ್ಕೆ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಕಲಮು ಒಂದು ವಿನಾಯಿತಿ ನೀಡಿತ್ತು. ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ ಅಥವಾ ಬೆರಳಚ್ಚಿನ ಪ್ರಶ್ನೆ ಎದುರಾದಾಗ ಆ ವಿಷಯದಲ್ಲಿ ವಿಶೇಷ ಪರಿಣತಿ ಉಳ್ಳವರ ಅಭಿಪ್ರಾಯವೂ ಪ್ರಸ್ತುತ ಸಂಗತಿಯಾಗುತ್ತದೆ ಎಂದು ಅದು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಇದೇ ನಿಯಮ 39ನೇ ಕಲಮಾಗಿ ಮುಂದುವರಿದಿದ್ದು, ಹಳೆಯ ಪಟ್ಟಿಗೆ ‘ಬೇರೆ ಯಾವುದೇ ಕ್ಷೇತ್ರ’ ಎಂಬ ವಿಸ್ತಾರವಾದ ಮಾತು ಸೇರಿದೆ. ಎರಡೂ ಕಾಯಿದೆಗಳು ಬಳಸಿದ ಪದ ಗಮನಾರ್ಹವಾದುದು. ತಜ್ಞರ ಅಭಿಪ್ರಾಯ ‘ಪ್ರಸ್ತುತ’ ಎಂದು ಅವು ಹೇಳುತ್ತವೆಯೇ ಹೊರತು ‘ನಿರ್ಣಾಯಕ’ ಎಂದು ಎಲ್ಲಿಯೂ ಹೇಳುವುದಿಲ್ಲ. ಪ್ರಸ್ತುತವಾದುದು ತಕ್ಕಡಿಗೆ ಏರಬಹುದು, ಆದರೆ ಏರಿದ ಮೇಲೆ ಅದರ ತೂಕ ಎಷ್ಟೆಂಬುದು ಬೇರೆಯೇ ಪ್ರಶ್ನೆ.

ಆ ತೂಕವನ್ನು ಅಳೆಯುವ ದಾರಿಯನ್ನು ಕಾಯಿದೆಯ ಇನ್ನೊಂದು ಚಿಕ್ಕ ಕಲಮು ತೋರಿಸುತ್ತದೆ. ಹಳೆಯ ಕಾಯಿದೆಯಲ್ಲಿ 51ನೆಯದಾಗಿದ್ದು ಹೊಸದರಲ್ಲಿ 45ನೆಯದಾಗಿರುವ ಈ ಕಲಮಿನ ಪ್ರಕಾರ, ಬದುಕಿರುವ ವ್ಯಕ್ತಿಯ ಅಭಿಪ್ರಾಯ ಪ್ರಸ್ತುತವಾಗಿರುವಾಗಲೆಲ್ಲ ಆ ಅಭಿಪ್ರಾಯಕ್ಕೆ ಆಧಾರವಾದ ಕಾರಣಗಳೂ ಪ್ರಸ್ತುತವಾಗುತ್ತವೆ. ತಜ್ಞರು ತಾವು ನಡೆಸಿದ ಪ್ರಯೋಗಗಳನ್ನು ವಿವರಿಸಬಹುದು ಎಂಬ ಉದಾಹರಣೆಯನ್ನೂ ಕಾಯಿದೆಯೇ ಕೊಟ್ಟಿದೆ. ವಕೀಲರ ವಾದಗಳಲ್ಲಿ ಹಳೆಯ ಕಾಯಿದೆಯ 45ನೇ ಕಲಮು ಕೇಳಿಬಂದಷ್ಟು ಈ ಕಲಮು ಕೇಳಿಬರುವುದಿಲ್ಲ, ಆದರೆ ತಜ್ಞರ ಸಾಕ್ಷ್ಯದ ಇಡೀ ಮೌಲ್ಯಮಾಪನ ನಿಂತಿರುವುದು ಇದರ ಮೇಲೆಯೇ. ಸುಪ್ರೀಂ ಕೋರ್ಟ್ ಹಿಮಾಚಲ ಪ್ರದೇಶ ರಾಜ್ಯ ವಿರುದ್ಧ ಜೈ ಲಾಲ್ ಪ್ರಕರಣದಲ್ಲಿ (1999) ಈ ಮಾತನ್ನು ಬಹಳ ಸ್ಪಷ್ಟವಾಗಿ ಬಿಡಿಸಿ ಹೇಳಿತು. ಸೇಬಿನ ಬೆಳೆಗೆ ಸ್ಕ್ಯಾಬ್ ರೋಗ ತಗಲಿದಾಗ ಸರ್ಕಾರ ಕೊಟ್ಟ ಪರಿಹಾರವನ್ನು ಕೆಲವರು ಇಳುವರಿಯನ್ನು ಹಿಗ್ಗಿಸಿ ತೋರಿಸಿ ಪಡೆದರು ಎಂಬುದು ಅಲ್ಲಿನ ಆರೋಪ. ನಂತರ ತೋಟಗಳನ್ನು ನೋಡಿ ಅಲ್ಲಿ ಎಷ್ಟು ಹಣ್ಣು ಬೆಳೆದಿರಬಹುದು ಎಂದು ಅಂದಾಜು ಕೊಟ್ಟ ತೋಟಗಾರಿಕಾ ಅಧಿಕಾರಿಯೊಬ್ಬರ ಮಾತನ್ನೇ ಆ ಆರೋಪ ನೆಚ್ಚಿಕೊಂಡಿತ್ತು. ಅಧಿಕಾರಿಗೆ ಹುದ್ದೆಯಿದ್ದರೂ ಇಳುವರಿಯನ್ನು ಅಳೆಯುವ ವಿಶೇಷ ಅಧ್ಯಯನ ಇದ್ದಂತೆ ಕಾಣಲಿಲ್ಲ, ಅಂದಾಜಿನ ಹಿಂದೆ ಪರೀಕ್ಷಿಸಬಹುದಾದ ವಿಧಾನವೂ ಇರಲಿಲ್ಲ. ತಜ್ಞರು ಘಟನೆಯ ಸಾಕ್ಷಿಯಲ್ಲ, ಅವರ ಸಾಕ್ಷ್ಯ ಸಲಹೆಯ ಸ್ವರೂಪದ್ದು; ತೀರ್ಮಾನ ಸರಿಯೋ ತಪ್ಪೋ ಎಂದು ನ್ಯಾಯಾಧೀಶರೇ ಒರೆಗೆ ಹಚ್ಚಿ ನೋಡಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನು ಒದಗಿಸುವುದು ಅವರ ಕರ್ತವ್ಯ ಎಂಬುದು ಆ ತೀರ್ಪಿನ ಸಾರ. ಸೇಬಿನ ತೋಟದ ಬಗ್ಗೆ ಬಂದ ಈ ಮಾತು ಅಂದಿನಿಂದ ಶವಾಗಾರದ ವರದಿಗಳಿಗೂ ಅನ್ವಯವಾಗುತ್ತ ಬಂದಿದೆ.

ವೈದ್ಯರ ಸಾಕ್ಷ್ಯವನ್ನು ತೂಗುವ ಮೊದಲು ಅದರಲ್ಲಿ ಎರಡು ಪದರಗಳಿರುವುದನ್ನು ಗುರುತಿಸಬೇಕು. ಗಾಯ ಎಲ್ಲಿತ್ತು, ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ, ಅಂಚು ಹೇಗಿತ್ತು, ಸುತ್ತಲಿನ ಚರ್ಮದ ಬಣ್ಣ ಯಾವುದು, ತಲೆಬುರುಡೆ ತೆರೆದಾಗ ಒಳಗೆ ರಕ್ತ ಹೆಪ್ಪುಗಟ್ಟಿತ್ತೇ ಎಂಬುದೆಲ್ಲ ವೈದ್ಯರು ಕಣ್ಣಾರೆ ಕಂಡು ದಾಖಲಿಸಿದ ಸಂಗತಿಗಳಾಗಿದ್ದು, ಈ ಮಟ್ಟಿಗೆ ಅವರೂ ಬೇರೆ ಸಾಕ್ಷಿಗಳಂತೆ ಸಂಗತಿಯ ಸಾಕ್ಷಿಗಳೇ. ಆ ಗಾಯ ಯಾವ ಬಗೆಯ ಆಯುಧದಿಂದ ಆಗಿರಬಹುದು, ಎಷ್ಟು ಹೊತ್ತಿನ ಹಿಂದೆ ಆಗಿರಬಹುದು, ಸಾವಿಗೆ ಅದೇ ಕಾರಣವೇ ಎಂಬುದು ಎರಡನೆಯ ಪದರ, ಇದು ಅಭಿಪ್ರಾಯ. ಮೊದಲನೆಯದನ್ನು ಅಲ್ಲಗಳೆಯಬೇಕಾದರೆ ವೈದ್ಯರು ಸರಿಯಾಗಿ ನೋಡಲಿಲ್ಲ, ಸರಿಯಾಗಿ ಬರೆಯಲಿಲ್ಲ ಅಥವಾ ಸುಳ್ಳು ಬರೆದರು ಎಂದು ತೋರಿಸಬೇಕಾಗುತ್ತದೆ. ಎರಡನೆಯದನ್ನು ಅಲ್ಲಗಳೆಯಲು ವೈದ್ಯರ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಯೇ ಇಲ್ಲ, ಅವರೇ ದಾಖಲಿಸಿದ ಮೊದಲ ಪದರದಿಂದ ಎರಡನೆಯದು ಹೊರಡುವುದಿಲ್ಲ ಎಂದು ತೋರಿಸಿದರೆ ಸಾಕು. ವಿಚಾರಣೆಗಳಲ್ಲಿ ಕಾಣುವ ಗೊಂದಲದಲ್ಲಿ ಹೆಚ್ಚಿನ ಪಾಲು ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತದೆ.

ಒಂದು ಕಲ್ಪಿತ ಪ್ರಕರಣದ ಮೂಲಕ ಇದನ್ನು ವಿವರವಾಗಿ ನೋಡಬಹುದು. ಹೊಲದ ಬದುವಿನ ವಿಷಯಕ್ಕೆ ಸಂಜೆ ಜಗಳವಾಗಿ ಒಬ್ಬನ ತಲೆಗೆ ಏಟು ಬೀಳುತ್ತದೆ. ಏಟು ಬಿದ್ದದ್ದು ದೊಣ್ಣೆಯಿಂದ ಎಂದು ಕಂಡ ಇಬ್ಬರು ಹೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ರಾತ್ರಿ ಕರ್ತವ್ಯದಲ್ಲಿದ್ದ ವೈದ್ಯರು ಗಾಯದ ಪ್ರಮಾಣಪತ್ರದಲ್ಲಿ ‘ತಲೆಯ ಎಡಭಾಗದಲ್ಲಿ 6 ಸೆಂ.ಮೀ. ಉದ್ದ, ಅರ್ಧ ಸೆಂ.ಮೀ. ಅಗಲ, ಮೂಳೆಯವರೆಗೆ ಆಳವಿರುವ ಕೊಯ್ದ ಗಾಯ, ಹರಿತವಾದ ಆಯುಧದಿಂದ ಆದದ್ದು’ ಎಂದು ಬರೆಯುತ್ತಾರೆ. ಮರುದಿನ ಗಾಯಾಳು ಸಾಯುತ್ತಾನೆ. ವಿಚಾರಣೆಯಲ್ಲಿ ಆರೋಪಿಯ ಪರ ವಕೀಲರು ವೈದ್ಯರ ಮಾತನ್ನು ಮುಂದಿಟ್ಟು, ಗಾಯ ಹರಿತವಾದ ಆಯುಧದ್ದು, ಸಾಕ್ಷಿಗಳು ಹೇಳುವುದು ದೊಣ್ಣೆ, ಆದ್ದರಿಂದ ಸಾಕ್ಷಿಗಳು ಸ್ಥಳದಲ್ಲೇ ಇರಲಿಲ್ಲ ಎಂದು ವಾದಿಸುತ್ತಾರೆ. ವೈದ್ಯರ ಮಾತೇ ಕೊನೆಯದಾಗಿದ್ದರೆ ಪ್ರಕರಣ ಅಲ್ಲಿಗೆ ಮುಗಿಯಬೇಕು.

ಆದರೆ ನೆತ್ತಿಯ ಚರ್ಮದ ರಚನೆ ಈ ವಾದವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ತೊಡೆ ಅಥವಾ ಹೊಟ್ಟೆಯ ಚರ್ಮದ ಕೆಳಗೆ ಮೆತ್ತನೆಯ ಮಾಂಸವಿದೆ. ನೆತ್ತಿಯಲ್ಲಿ ಚರ್ಮ ಗಟ್ಟಿ ಮೂಳೆಯ ಮೇಲೆ ಬಿಗಿಯಾಗಿ ಹರಡಿಕೊಂಡಿದೆ. ಮೊಂಡು ವಸ್ತುವಿನ ಬಲವಾದ ಏಟು ಬಿದ್ದಾಗ ಆ ಚರ್ಮ ಆಯುಧಕ್ಕೂ ಮೂಳೆಗೂ ನಡುವೆ ಸಿಕ್ಕಿ ನೇರ ಗೆರೆಯಂತೆ ಬಿರಿಯುತ್ತದೆ, ಬರಿಗಣ್ಣಿಗೆ ಅದು ಮಚ್ಚಿನಿಂದ ಕೊಯ್ದಂತೆಯೇ ಕಾಣುತ್ತದೆ. ಹುಬ್ಬಿನ ಮೇಲೆ ಮತ್ತು ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದಲ್ಲಿಯೂ ಹೀಗೇ ಆಗಬಹುದು. ವ್ಯತ್ಯಾಸ ತಿಳಿಯಬೇಕಾದರೆ ರಕ್ತ ಒರೆಸಿ, ಭೂತಗನ್ನಡಿ ಹಿಡಿದು ನೋಡಬೇಕು. ಮೊಂಡು ಏಟಿನ ಗಾಯವಾಗಿದ್ದರೆ ಅಂಚಿನ ಚರ್ಮ ಜಜ್ಜಿದಂತಿರುತ್ತದೆ, ಕೂದಲಿನ ಬುಡಗಳು ಹಿಸುಕಿಹೋಗಿರುತ್ತವೆ, ಗಾಯವನ್ನು ಬಿಡಿಸಿ ನೋಡಿದರೆ ಆಳದಲ್ಲಿ ಹರಿಯದೆ ಉಳಿದ ಸಣ್ಣ ರಕ್ತನಾಳ ಮತ್ತು ಅಂಗಾಂಶದ ಎಳೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸೇತುವೆಯಂತೆ ಹಾದುಹೋಗಿರುತ್ತವೆ. ಹರಿತವಾದ ಆಯುಧ ಕೊಯ್ದಿದ್ದರೆ ಕೂದಲೂ ಸ್ವಚ್ಛವಾಗಿ ಕತ್ತರಿಸಿರುತ್ತದೆ, ಎಳೆಗಳೂ ಕತ್ತರಿಸಿರುತ್ತವೆ, ಏಟು ಭಾರವಾಗಿದ್ದರೆ ಮೂಳೆಯ ಮೇಲೂ ಕೊಚ್ಚಿದ ಗುರುತು ಮೂಡಿರುತ್ತದೆ.

ಹೀಗಾಗಿ ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷ ಸಾಕ್ಷಿಯನ್ನು ಪ್ರಶ್ನಿಸುವ ಹಂತದಲ್ಲಿ, ಅಥವಾ ಅದಾದ ಮೇಲಿನ ಮರುವಿಚಾರಣೆಯಲ್ಲಿ ವೈದ್ಯರಿಗೆ ಕೇಳಬೇಕಾದ ಪ್ರಶ್ನೆ ‘ಇದು ಕೊಯ್ದ ಗಾಯವೇ?’ ಎಂಬುದಲ್ಲ, ‘ಅಂಚನ್ನು ಯಾವುದರಿಂದ ಪರೀಕ್ಷಿಸಿದಿರಿ, ಕೂದಲಿನ ಬುಡ ಹೇಗಿತ್ತು, ಒಳಗೆ ಎಳೆಗಳಿದ್ದವೇ, ಅದನ್ನು ಎಲ್ಲಿ ಬರೆದಿದ್ದೀರಿ?’ ಎಂಬುದು. ರಾತ್ರಿಯ ಗಡಿಬಿಡಿಯಲ್ಲಿ ರಕ್ತಸ್ರಾವ ನಿಲ್ಲಿಸಿ ಹೊಲಿಗೆ ಹಾಕುವ ಆತುರದಲ್ಲಿದ್ದ ವೈದ್ಯರು ಇದನ್ನೆಲ್ಲ ನೋಡಿರದೆ ಇದ್ದರೆ ಅದು ಅಪರಾಧವಲ್ಲ, ಅವರ ಮೊದಲ ಕರ್ತವ್ಯ ರೋಗಿಯನ್ನು ಉಳಿಸುವುದು. ಆದರೆ ನೋಡದೆ ಬರೆದ ‘ಹರಿತವಾದ ಆಯುಧ’ ಎಂಬ ಮಾತಿಗೆ ಅವರ ಪದವಿ ತೂಕ ತಂದುಕೊಡಲಾರದು. ಮರಣೋತ್ತರ ಪರೀಕ್ಷೆ ಮಾಡಿದ ಇನ್ನೊಬ್ಬ ವೈದ್ಯರು ಅದೇ ಗಾಯದ ಕೆಳಗೆ ವಿಸ್ತಾರವಾಗಿ ರಕ್ತ ಇಳಿದದ್ದನ್ನೂ, ಮೂಳೆಯಲ್ಲಿ ಕೊಚ್ಚಿದ ಗುರುತಿಲ್ಲದೆ ಉದ್ದನೆಯ ಬಿರುಕು ಮಾತ್ರ ಇದ್ದುದನ್ನೂ ದಾಖಲಿಸಿದ್ದರೆ ದೊಣ್ಣೆಯ ಕಥನಕ್ಕೆ ಬಲ ಬರುತ್ತದೆ. ಇಬ್ಬರು ವೈದ್ಯರು ಭಿನ್ನವಾಗಿ ಹೇಳಿದಾಗ ನಂಬಲರ್ಹವಾದ ಪ್ರತ್ಯಕ್ಷ ಸಾಕ್ಷ್ಯಕ್ಕೆ ಹೊಂದುವ ಅಭಿಪ್ರಾಯವನ್ನು ಸ್ವೀಕರಿಸಬೇಕೆಂದು ಸುಪ್ರೀಂ ಕೋರ್ಟ್ ಪ್ಯಾರಾ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ (1977) ಹೇಳಿದೆ. ಇಲ್ಲಿ ಪೊಲೀಸರ ಪಾಲಿನ ಒಂದು ಕೆಲಸವೂ ಇದೆ. ವಶಪಡಿಸಿಕೊಂಡ ಆಯುಧವನ್ನು ವೈದ್ಯರಿಗೆ ತೋರಿಸಿ, ಈ ಗಾಯ ಇದರಿಂದ ಆಗಬಹುದೇ ಎಂದು ಕೇಳಬೇಕೆಂದು ಅದೇ ನ್ಯಾಯಾಲಯ 1976ರಷ್ಟು ಹಿಂದೆಯೇ ಕರ್ತಾರೆ ಮತ್ತು ಈಶ್ವರ್ ಸಿಂಗ್ ಪ್ರಕರಣಗಳಲ್ಲಿ ಒತ್ತಿ ಹೇಳಿತ್ತು. ದೊಣ್ಣೆಯ ಕಥನವಿರುವ ಪ್ರಕರಣದಲ್ಲಿ ಆ ದೊಣ್ಣೆ ವೈದ್ಯರ ಕಣ್ಣಿಗೆ ಬೀಳದೇ ಹೋದರೆ ಅವರ ಅಭಿಪ್ರಾಯ ಅರ್ಧದಲ್ಲೇ ನಿಲ್ಲುತ್ತದೆ.

ಈ ಬಗೆಯ ವಿರೋಧಗಳಿಗೆ ಭಾರತದ ನ್ಯಾಯಾಲಯಗಳು ಅನುಸರಿಸುವ ಸೂತ್ರ ಸೋಲಂಕಿ ಚಿಮನ್‌ಭಾಯ್ ಉಕಾಭಾಯ್ ವಿರುದ್ಧ ಗುಜರಾತ್ ರಾಜ್ಯ ಪ್ರಕರಣದಿಂದ (1983) ಬಂದದ್ದು. ಅದರಂತೆ ವೈದ್ಯಕೀಯ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಇರುವುದು ಸಮರ್ಥನೆಯ ಬೆಲೆ, ಅಂದರೆ ಗಾಯಗಳು ಹೇಳಲಾದ ರೀತಿಯಲ್ಲಿ ಆಗಿರಬಹುದು ಎಂದು ತೋರಿಸುವ ಬೆಲೆ. ಪ್ರತ್ಯಕ್ಷದರ್ಶಿಗಳು ಹೇಳಿದ ರೀತಿಯಲ್ಲಿ ಗಾಯ ಆಗಿರುವ ಸಾಧ್ಯತೆಯನ್ನೇ ಅದು ಸಂಪೂರ್ಣವಾಗಿ ತಳ್ಳಿಹಾಕದ ಹೊರತು, ಅಂಥ ಸಾಕ್ಷಿಗಳ ಮಾತನ್ನು ವೈದ್ಯರ ಅಭಿಪ್ರಾಯದೊಂದಿಗೆ ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬದಿಗೆ ಸರಿಸುವಂತಿಲ್ಲ. ಅಬ್ದುಲ್ ಸಯೀದ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ (2010) ಇದು ಮತ್ತೆ ದೃಢವಾಯಿತು. ವೈದ್ಯರು ‘ಹೀಗೂ ಆಗಿರಬಹುದು’ ಎಂದರೆ ಅದು ಇನ್ನೊಂದು ಸಾಧ್ಯತೆ ಮಾತ್ರ. ಕಂಡವರ ಮಾತು ನಂಬಲರ್ಹವಾಗಿರುವಾಗ ಸಾಧ್ಯತೆಯೊಂದು ಅದನ್ನು ಸೋಲಿಸಲಾರದು.

ಸೂತ್ರದ ಉತ್ತರಾರ್ಧಕ್ಕೂ ಅಷ್ಟೇ ಬೆಲೆಯಿದೆ ಎಂಬುದನ್ನು ಮರೆಯುವ ತೀರ್ಪುಗಳು ಆರೋಪಿಗೆ ಅನ್ಯಾಯ ಮಾಡುತ್ತವೆ. ಮೇಲಿನ ಕಲ್ಪಿತ ಪ್ರಕರಣವನ್ನೇ ತಿರುಗಿಸಿ, ಸಾಕ್ಷಿಗಳು ಮೂವರು ಆರೋಪಿಗಳು ಮಚ್ಚಿನಿಂದ ಬೆನ್ನಿಗೆ ಹಲವು ಸಲ ಕೊಚ್ಚಿದರು ಎನ್ನುತ್ತಾರೆ, ಶವದ ಬೆನ್ನಿನ ಮೇಲೆ ಚರ್ಮ ಹರಿದ ಒಂದು ಗಾಯವೂ ಇಲ್ಲ, ಇರುವುದೆಲ್ಲ ನಡುವೆ ಬಿಳುಪಾಗಿ ಎರಡು ಬದಿಗೆ ಕೆಂಪು ಗೆರೆಗಳು ಸಮಾನಾಂತರವಾಗಿ ಮೂಡಿದ ಬಾಸುಂಡೆಗಳು ಎಂದು ಭಾವಿಸೋಣ. ದುಂಡನೆಯ ಕೋಲು ಬಲವಾಗಿ ಬಿದ್ದಾಗ ಅದರ ಕೆಳಗಿನ ರಕ್ತ ಎರಡೂ ಬದಿಗೆ ಒತ್ತಿಹೋಗಿ ಮೂಡುವ ಗುರುತು ಅದು. ಮೆತ್ತನೆಯ ಬೆನ್ನಿನ ಮೇಲೆ ಹರಿತವಾದ ಅಲಗು ಹಲವು ಸಲ ಬಿದ್ದೂ ಚರ್ಮ ಹರಿಯದಿರುವುದು ಸಾಧ್ಯವಿಲ್ಲ. ಮಚ್ಚಿನ ಹಿಂಬದಿಯಿಂದ ಹೊಡೆದಿರಬಹುದಲ್ಲ ಎಂಬ ಉತ್ತರ ಪ್ರಾಸಿಕ್ಯೂಷನ್ ಕಡೆಯಿಂದ ಬರುವುದುಂಟು. ಆದರೆ ಹಲ್ಲು ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ (1974) ಸುಪ್ರೀಂ ಕೋರ್ಟ್ ಈ ದಾರಿಯನ್ನು ಮುಚ್ಚಿದೆ. ಕೊಡಲಿ ಅಥವಾ ಭರ್ಜಿಯಿಂದ ಹೊಡೆದರೆಂದು ಸಾಕ್ಷಿ ಹೇಳಿದರೆ ಅದರ ಹರಿತ ಭಾಗದಿಂದ ಎಂದೇ ಸಾಮಾನ್ಯ ಅರ್ಥ, ಬೇರೆ ರೀತಿ ಆಗಿದ್ದರೆ ಅದನ್ನು ಸಾಕ್ಷಿಯ ಬಾಯಿಂದಲೇ ಸ್ಪಷ್ಟಪಡಿಸಿಕೊಳ್ಳಬೇಕಾದದ್ದು ಪ್ರಾಸಿಕ್ಯೂಷನ್ನಿನ ಹೊಣೆ. ಇಲ್ಲಿ ವೈದ್ಯಕೀಯ ಸಾಕ್ಷ್ಯ ಗೆಲ್ಲುತ್ತದೆ, ಗೆಲ್ಲಬೇಕು. ಹಾಗೆ ಗೆಲ್ಲುವುದು ಅದನ್ನು ಹೇಳಿದವರು ವೈದ್ಯರೆಂಬ ಕಾರಣದಿಂದಲ್ಲ, ಗೆರೆಗಳ ಆಕಾರ ಮತ್ತು ಹರಿಯದ ಚರ್ಮ ಎಂಬ ಎರಡು ಸಂಗತಿಗಳನ್ನು ಯಾರು ನೋಡಿದರೂ ಬೇರೆ ತೀರ್ಮಾನಕ್ಕೆ ಬರಲಾಗದು ಎಂಬ ಕಾರಣದಿಂದ.

ಸಾವಿನ ಸಮಯದ ವಿಷಯದಲ್ಲಿ ಇಂಥ ಖಚಿತತೆ ವಿರಳ. ಶವ ಸೆಟೆದುಕೊಳ್ಳುವ ಕ್ರಿಯೆ ಕೆಲವು ಗಂಟೆಗಳಲ್ಲಿ ಆರಂಭವಾಗಿ, ಇಡೀ ದೇಹಕ್ಕೆ ಹರಡಿ, ಕೆಲಕಾಲ ನಿಂತು, ಬಳಿಕ ಸಡಿಲವಾಗುತ್ತದೆ. ಸೆಕೆಯಲ್ಲಿ ಇದು ಬೇಗ ನಡೆಯುತ್ತದೆ, ಚಳಿಯಲ್ಲಿ ನಿಧಾನವಾಗುತ್ತದೆ, ಸಾಯುವ ಮೊದಲು ಓಡಿದ್ದ ಅಥವಾ ಹೋರಾಡಿದ್ದ ದೇಹದಲ್ಲಿ ಮತ್ತೂ ಬೇಗ ಮೂಡುತ್ತದೆ. ಹೊಟ್ಟೆಯಲ್ಲಿ ಉಳಿದ ಅನ್ನದಿಂದ ಸಮಯ ಹೇಳುವುದು ಇನ್ನೂ ಅನಿಶ್ಚಿತ, ಏಕೆಂದರೆ ಜೀರ್ಣಶಕ್ತಿ ಒಬ್ಬರಿಂದ ಒಬ್ಬರಿಗೆ ಬೇರೆ, ಭಯ ಮತ್ತು ಪೆಟ್ಟು ಅದನ್ನು ನಿಲ್ಲಿಸಿಬಿಡಬಲ್ಲವು. ಆದ್ದರಿಂದ ಗಡಿಯಾರದ ಒಂದು ಗಂಟೆಯನ್ನು ಹಿಡಿದು ಸಾಕ್ಷಿಯನ್ನು ಸುಳ್ಳುಗಾರನೆನ್ನುವ ವಾದಕ್ಕೆ ವೈದ್ಯಶಾಸ್ತ್ರದಲ್ಲೇ ಆಧಾರವಿಲ್ಲ.

ವೈದ್ಯರ ಮೊದಲ ಪದರವೇ ಸುಳ್ಳಾಗಿರುವ ಸಂದರ್ಭಗಳೂ ಉಂಟು. ದಯಾಲ್ ಸಿಂಗ್ ವಿರುದ್ಧ ಉತ್ತರಾಂಚಲ ರಾಜ್ಯ ಪ್ರಕರಣ (2012) ಅದಕ್ಕೆ ಅತ್ಯಂತ ಕಟುವಾದ ಉದಾಹರಣೆ. 1985ರ ಡಿಸೆಂಬರಿನಲ್ಲಿ ಹೊಲದ ಜಗಳವೊಂದರಲ್ಲಿ ಒಬ್ಬ ರೈತನನ್ನು ಲಾಠಿಗಳಿಂದ ಹೊಡೆದು ಕೊಂದರು ಎಂದು ಕಂಡವರು ಸಾಕ್ಷ್ಯ ನುಡಿದರು. ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯರ ವರದಿಯಲ್ಲಿ ಮಾತ್ರ ದೇಹದ ಮೇಲೆ ಒಂದು ಗಾಯವೂ ದಾಖಲಾಗಿರಲಿಲ್ಲ, ಸಾವಿನ ಕಾರಣವೂ ಹೇಳಿರಲಿಲ್ಲ, ವಿಷದ ಪರೀಕ್ಷೆಗೆಂದು ಒಳಾಂಗಗಳ ಭಾಗಗಳನ್ನು ತೆಗೆದಿಡಲಾಗಿತ್ತು. ತಜ್ಞರ ಮಾತೇ ಅಂತಿಮವೆಂದು ಹಿಡಿದರೆ ಕೊಲೆಯೇ ನಡೆದಿಲ್ಲ. ಸುಪ್ರೀಂ ಕೋರ್ಟ್ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯಿತು. ಸಾವು ಸಂಭವಿಸಿದೆ, ಅದಕ್ಕೆ ಸಹಜ ಕಾರಣವೊಂದೂ ವರದಿಯಲ್ಲಿಲ್ಲ, ಪ್ರತ್ಯಕ್ಷದರ್ಶಿಗಳ ಮಾತು ಒಂದಕ್ಕೊಂದು ಹೊಂದುತ್ತದೆ. ಏನನ್ನೂ ವಿವರಿಸದ ವರದಿಯೊಂದು ಎಲ್ಲವನ್ನೂ ವಿವರಿಸುವ ಸಾಕ್ಷ್ಯವನ್ನು ಹೇಗೆ ಅಳಿಸಿಹಾಕೀತು? ಶಿಕ್ಷೆ ಊರ್ಜಿತವಾಯಿತು. ಕರ್ತವ್ಯಲೋಪಕ್ಕಾಗಿ ಆ ವೈದ್ಯರ ಮತ್ತು ತನಿಖಾಧಿಕಾರಿಯ ಮೇಲೆ ಶಿಸ್ತಿನ ಕ್ರಮ ಜರುಗಿಸುವಂತೆಯೂ ನ್ಯಾಯಾಲಯ ಸೂಚಿಸಿತು. ವೈದ್ಯರ ಸಾಕ್ಷ್ಯವನ್ನೂ ಬೇರೆ ಯಾರದೇ ಸಾಕ್ಷ್ಯದಂತೆ ಪರಿಶೀಲಿಸಬೇಕು, ವೈದ್ಯರೆಲ್ಲರೂ ಸದಾ ಸತ್ಯವನ್ನೇ ಹೇಳುತ್ತಾರೆಂಬ ಅಲ್ಲಗಳೆಯಲಾಗದ ಪೂರ್ವಭಾವನೆ ಕಾನೂನಿನಲ್ಲಿಲ್ಲ ಎಂದು ಮಯೂರ್ ಪನಾಭಾಯ್ ಶಾ ಪ್ರಕರಣದಲ್ಲಿ (1982) ಹೇಳಿದ ಮಾತು ಇಲ್ಲಿ ತನ್ನ ಪೂರ್ಣ ಅರ್ಥವನ್ನು ಪಡೆಯಿತು.

ಇದಕ್ಕಿಂತ ಬಹಳ ಹಿಂದೆಯೇ ವಿಜ್ಞಾನದ ಮೌನವನ್ನು ಹೇಗೆ ಓದಬೇಕೆಂಬ ಪ್ರಶ್ನೆ ಅನಂತ ಚಿಂತಾಮಣ ಲಾಗು ವಿರುದ್ಧ ಮುಂಬಯಿ ರಾಜ್ಯ ಪ್ರಕರಣದಲ್ಲಿ ಎದುರಾಗಿತ್ತು. 1960ರ ವರದಿ ಸಂಪುಟಗಳಲ್ಲಿ ಪ್ರಕಟವಾದ ಈ ತೀರ್ಪು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಪುಣೆಯ ಒಬ್ಬ ವೈದ್ಯ ತಾನೇ ಚಿಕಿತ್ಸೆ ನೀಡುತ್ತಿದ್ದ, ಸ್ಥಿತಿವಂತಳಾದ, ಮಧುಮೇಹವಿದ್ದ ವಿಧವೆಯೊಬ್ಬಳನ್ನು 1956ರ ನವೆಂಬರ್ 12ರ ರಾತ್ರಿ ರೈಲಿನಲ್ಲಿ ಮುಂಬಯಿಗೆ ಕರೆದೊಯ್ದ. ಬೆಳಗ್ಗೆ ರೈಲು ತಲುಪಿದಾಗ ಆಕೆಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಆತ ಆಕೆಯ ನಿಜವಾದ ಹೆಸರನ್ನು ಕೊಡಲಿಲ್ಲ. ಆಕೆ ಅಂದೇ ತೀರಿಕೊಂಡಳು. ಶವ ಯಾರೂ ಕೇಳದೆ ಉಳಿಯಿತು, ಮರಣೋತ್ತರ ಪರೀಕ್ಷೆ ನಡೆದದ್ದು ದಿನಗಳು ಕಳೆದ ಮೇಲೆ, ರಾಸಾಯನಿಕ ಪರೀಕ್ಷೆಯಲ್ಲಿ ವಿಷ ಪತ್ತೆಯಾಗಲಿಲ್ಲ, ಮಧುಮೇಹದಿಂದ ಬರುವ ಪ್ರಜ್ಞಾಶೂನ್ಯತೆಯೇ ಸಾವಿಗೆ ಕಾರಣವಾಗಿರಬಹುದು ಎಂಬ ವೈದ್ಯಕೀಯ ಅಭಿಪ್ರಾಯವೂ ಕಡತದಲ್ಲಿತ್ತು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಈ ಅಭಿಪ್ರಾಯವನ್ನು ಹಾಗೆಯೇ ಒಪ್ಪಲೂ ಇಲ್ಲ, ಹಾಗೆಯೇ ತಳ್ಳಲೂ ಇಲ್ಲ. ಮಧುಮೇಹದ ಪ್ರಜ್ಞಾಶೂನ್ಯತೆಯಲ್ಲಿ ಯಾವ ಲಕ್ಷಣಗಳು ಕಾಣಬೇಕು, ಆಸ್ಪತ್ರೆಯ ಕಾಗದಪತ್ರಗಳಲ್ಲಿ ಅವು ನಿಜವಾಗಿ ಕಂಡಿದ್ದವೇ ಎಂದು ದಾಖಲೆಗೆ ದಾಖಲೆಯನ್ನು ಹೋಲಿಸಿ, ಆ ಕಾರಣ ನಿಲ್ಲುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಪತ್ತೆ ಹಚ್ಚಲಾಗದ ವಿಷಗಳಿವೆ, ಶವ ಕೆಟ್ಟರೆ ಕುರುಹು ಅಳಿಯುತ್ತದೆ, ಅದನ್ನು ಬಲ್ಲ ವೈದ್ಯನೇ ಆರೋಪಿಯಾಗಿರುವಾಗ ವಿಷ ಸಿಗಲಿಲ್ಲ ಎಂಬ ವರದಿ ವಿಷ ಕೊಟ್ಟಿಲ್ಲ ಎಂಬ ವರದಿಯಾಗುವುದಿಲ್ಲ. ಸಾವಿನ ನಂತರ ಆತ ನಡೆದುಕೊಂಡ ರೀತಿ, ಆಕೆ ಬದುಕಿದ್ದಾಳೆಂದು ಬಂಧುಗಳನ್ನು ನಂಬಿಸಲು ಹುಟ್ಟಿಸಿದ ಪತ್ರಗಳು, ಕೈವಶ ಮಾಡಿಕೊಂಡ ಆಕೆಯ ಆಸ್ತಿ, ಇವೆಲ್ಲ ಸೇರಿ ಕಟ್ಟಿದ ಸಾಂದರ್ಭಿಕ ಸಾಕ್ಷ್ಯದ ಸರಪಳಿ, ಅಂದರೆ ನೇರವಾಗಿ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳಿಂದ ಹೊರಡುವ ಒಂದೇ ತೀರ್ಮಾನ, ಅಪರಾಧವನ್ನು ಸಾಬೀತುಪಡಿಸಿತು. ಪೀಠ ಒಮ್ಮತದ್ದಾಗಿರಲಿಲ್ಲ, ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು, ಆ ಭಿನ್ನಮತವನ್ನು ಹಗುರವಾಗಿ ಕಾಣುವಂತಿಲ್ಲ. ವಿಜ್ಞಾನ ‘ಗೊತ್ತಿಲ್ಲ’ ಎಂದು ಹೇಳಿದ ಕಡೆ ನ್ಯಾಯಾಲಯ ‘ಗೊತ್ತು’ ಎಂದು ಹೇಳುವುದು ಎಷ್ಟು ಗಂಭೀರವಾದ ಹೆಜ್ಜೆಯೆಂಬುದು ಅದರಿಂದ ತಿಳಿಯುತ್ತದೆ. ಸಾಂದರ್ಭಿಕ ಸಾಕ್ಷ್ಯ ಲಾಗು ಪ್ರಕರಣದಲ್ಲಿದ್ದಷ್ಟು ದಟ್ಟವಾಗಿರದ ವಿಷಪ್ರಾಶನದ ಪ್ರಕರಣಗಳಲ್ಲಿ ಅದೇ ತೀರ್ಪನ್ನು ಹಿಡಿದು ಶಿಕ್ಷೆ ಕೊಡುವುದು ಅಪಾಯಕಾರಿ. 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಸರಪಳಿ ಪೂರ್ಣವಾಗಿರಲಿಲ್ಲವೆಂದು ಆರೋಪಿಯನ್ನು ಬಿಡುಗಡೆ ಮಾಡಿತು.

ಇನ್ನು ವೈದ್ಯರನ್ನು ಕೇಳಲೇಬಾರದ ಪ್ರಶ್ನೆಗಳನ್ನು ಕೇಳಿ ಪಡೆದ ಉತ್ತರಗಳ ವಿಷಯ. ಅತ್ಯಾಚಾರ ನಡೆದಿದೆಯೇ ಇಲ್ಲವೇ ಎಂದು ವೈದ್ಯರು ಅಭಿಪ್ರಾಯ ಬರೆಯುವ ರೂಢಿ ದೀರ್ಘಕಾಲ ಇತ್ತು. ಅತ್ಯಾಚಾರ ಎಂಬುದು ಕಾನೂನಿನ ಪರಿಭಾಷೆಯೇ ಹೊರತು ರೋಗನಿದಾನವಲ್ಲ, ಇತ್ತೀಚಿನ ಲೈಂಗಿಕ ಕ್ರಿಯೆಯ ಅಥವಾ ಗಾಯದ ಕುರುಹುಗಳಿವೆಯೇ ಎಂಬುದನ್ನಷ್ಟೇ ವೈದ್ಯರು ಹೇಳಬಲ್ಲರು ಎಂದು ಮದನ್ ಗೋಪಾಲ್ ಕಕ್ಕಡ್ ಪ್ರಕರಣದಲ್ಲಿ (1992) ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿಗೆ ಇತ್ತೋ ಇಲ್ಲವೋ ಎಂಬುದು ದೇಹವನ್ನು ಪರೀಕ್ಷಿಸಿ ತಿಳಿಯುವ ಸಂಗತಿಯೇ ಅಲ್ಲ. ಸಂತ್ರಸ್ತೆಯ ಹಿಂದಿನ ಲೈಂಗಿಕ ಜೀವನವನ್ನು ಊಹಿಸುವ ‘ಎರಡು ಬೆರಳಿನ ಪರೀಕ್ಷೆ’ಗೆ ವೈಜ್ಞಾನಿಕ ಆಧಾರವಿಲ್ಲ, ಅದು ಘನತೆಗೆ ಧಕ್ಕೆ ತರುತ್ತದೆ ಎಂದು 2013ರಲ್ಲಿ ಹೇಳಿದ ಮೇಲೂ ಅದು ನಿಲ್ಲದೆ, 2022ರಲ್ಲಿ ನ್ಯಾಯಾಲಯ ಮತ್ತೊಮ್ಮೆ ಹೇಳಬೇಕಾಯಿತು. ಬಿಳಿ ಕೋಟು ಧರಿಸಿ ಬಂದ ಪೂರ್ವಗ್ರಹವೊಂದು ತಜ್ಞರ ಅಭಿಪ್ರಾಯವೆಂಬ ಹೆಸರಿನಲ್ಲಿ ದಶಕಗಳ ಕಾಲ ಹೆಣ್ಣುಮಕ್ಕಳ ವಿರುದ್ಧ ಬಳಕೆಯಾದದ್ದು ಈ ವಿಷಯದ ಅತ್ಯಂತ ನೋವಿನ ಅಧ್ಯಾಯ.

ಮರಣಪೂರ್ವ ಹೇಳಿಕೆಯ, ಅಂದರೆ ಸಾಯುವ ವ್ಯಕ್ತಿ ತನ್ನ ಸಾವಿನ ಕಾರಣದ ಬಗ್ಗೆ ಕೊಟ್ಟ ಹೇಳಿಕೆಯ ವಿಷಯದಲ್ಲಿ ಗೊಂದಲ ಬೇರೆ ರೂಪದ್ದು. ಹೇಳಿಕೆ ಕೊಡುವಾಗ ವ್ಯಕ್ತಿಯ ಮನಸ್ಸು ಸ್ವಸ್ಥವಾಗಿತ್ತು ಎಂದು ವೈದ್ಯರು ದೃಢೀಕರಿಸದಿದ್ದರೆ ಅದನ್ನು ನಂಬಬಾರದು ಎಂಬ ಅಭಿಪ್ರಾಯ 1999ರ ಒಂದು ತೀರ್ಪಿನಲ್ಲಿ ಬಂದಿತ್ತು. ಲಕ್ಷ್ಮಣ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ (2002) ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಸರಿಪಡಿಸಿ, ವೈದ್ಯರ ಪ್ರಮಾಣಪತ್ರ ಎಚ್ಚರಿಕೆಯ ಕ್ರಮವಷ್ಟೇ, ಹೇಳಿಕೆ ಬರೆದುಕೊಂಡ ಮ್ಯಾಜಿಸ್ಟ್ರೇಟರು ಅಥವಾ ಬೇರೆ ಸಾಕ್ಷಿಗಳು ಆ ವ್ಯಕ್ತಿ ಸ್ಪಷ್ಟವಾಗಿ ಉತ್ತರಿಸುತ್ತಿದ್ದುದನ್ನು ತೃಪ್ತಿಕರವಾಗಿ ಹೇಳಿದರೆ ಅಷ್ಟೇ ಸಾಕು ಎಂದಿತು. ಸುಟ್ಟಗಾಯಗಳಿಂದ ನರಳುತ್ತಿರುವ ಮಹಿಳೆಯೊಬ್ಬಳ ಕೊನೆಯ ಮಾತು ಒಂದು ಸಹಿಯ ಕೊರತೆಯಿಂದ ವ್ಯರ್ಥವಾಗಬಾರದು ಎಂಬುದು ಇದರ ವ್ಯಾವಹಾರಿಕ ಪರಿಣಾಮ.

ಇಷ್ಟೆಲ್ಲ ಹೇಳಿದ ಮೇಲೆ, ತಜ್ಞರ ಮಾತು ಅಂತಿಮವಲ್ಲ ಎಂಬುದರ ಅರ್ಥ ನ್ಯಾಯಾಧೀಶರೇ ತಜ್ಞರಾಗಬಹುದು ಎಂದಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಸಮೀಕ್ಷೆ ಅಪೂರ್ಣವಾಗುತ್ತದೆ. ಮೋದಿಯವರ ವೈದ್ಯಕೀಯ ನ್ಯಾಯಶಾಸ್ತ್ರದ ಗ್ರಂಥ ಭಾರತದ ನ್ಯಾಯಾಲಯಗಳಲ್ಲಿ ಬಹಳ ಬಳಕೆಯಲ್ಲಿರುವುದರಿಂದ, ಅದರ ಒಂದು ಪುಟವನ್ನು ತೆರೆದು ವೈದ್ಯರ ಅಭಿಪ್ರಾಯವನ್ನು ತಳ್ಳಿಹಾಕುವ ಆಸೆ ವಕೀಲರಿಗೂ ನ್ಯಾಯಾಧೀಶರಿಗೂ ಆಗುವುದು ಸಹಜ. ಭಗವಾನ್ ದಾಸ್ ವಿರುದ್ಧ ರಾಜಸ್ಥಾನ ರಾಜ್ಯ ಪ್ರಕರಣದಲ್ಲಿ (1957) ಹೈಕೋರ್ಟ್ ಇಂಥ ಗ್ರಂಥಗಳ ಭಾಗಗಳನ್ನು ಆಧರಿಸಿ ವೈದ್ಯರ ಸಾಕ್ಷ್ಯವನ್ನು ಒಪ್ಪದೆ ಹೋದಾಗ, ಆ ಭಾಗಗಳನ್ನು ಸಾಕ್ಷಿಕಟ್ಟೆಯಲ್ಲಿದ್ದ ವೈದ್ಯರ ಮುಂದಿಟ್ಟು ಉತ್ತರ ಪಡೆದಿರಲಿಲ್ಲ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗ್ರಂಥಕರ್ತರು ಬರೆದದ್ದು ಈ ಗಾಯದ ಬಗ್ಗೆಯಲ್ಲ, ಈ ಗಾಯವನ್ನು ಕಂಡವರು ಎದುರಿಗೇ ಇದ್ದಾಗ ಅವರನ್ನು ಕೇಳದೆ ಪುಸ್ತಕವನ್ನು ಕೇಳುವುದು ನ್ಯಾಯವಲ್ಲ.

ಈ ದೃಷ್ಟಿಯಿಂದ ಹೊಸ ಕಾನೂನಿನ ಒಂದು ಬದಲಾವಣೆ ಎಚ್ಚರಿಕೆಯಿಂದ ಗಮನಿಸಬೇಕಾದದ್ದು. ಬೆಂಗಳೂರಿನ ಮಡಿವಾಳದಲ್ಲಿರುವಂಥ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಗಳ ಕೆಲವು ತಜ್ಞರ ವರದಿಗಳನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ಬಳಸಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮಿನಲ್ಲೇ ಅವಕಾಶವಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 330ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವುದಾದರೂ ಪಕ್ಷ ವರದಿಯನ್ನು ವಿವಾದಕ್ಕೆ ಒಳಪಡಿಸದ ಹೊರತು ತಜ್ಞರನ್ನು ನ್ಯಾಯಾಲಯಕ್ಕೆ ಕರೆಸಬಾರದು ಎನ್ನುತ್ತದೆ. ಕೆಲಸ ಬಿಟ್ಟು ದೂರದ ನ್ಯಾಯಾಲಯಗಳಲ್ಲಿ ದಿನವಿಡೀ ಕಾಯಬೇಕಾದ ವೈದ್ಯರ ಮತ್ತು ವಿಜ್ಞಾನಿಗಳ ಸಮಯ ಇದರಿಂದ ಉಳಿಯುತ್ತದೆ, ಅದು ನಿಜವಾದ ಲಾಭ. ಆದರೆ ಮೇಲಿನ ಕಲ್ಪಿತ ಪ್ರಕರಣದಲ್ಲಿ ‘ಹರಿತವಾದ ಆಯುಧ’ ಎಂಬ ಎರಡು ಪದಗಳ ಹಿಂದೆ ಏನಿತ್ತು, ಏನಿರಲಿಲ್ಲ ಎಂಬುದು ಬೆಳಕಿಗೆ ಬಂದದ್ದು ಪಾಟೀಸವಾಲಿನಲ್ಲಿ. ಆ ಪ್ರಶ್ನೆಗಳನ್ನು ಕೇಳಬೇಕಾದರೆ ವರದಿ ಕೈಗೆ ಸಿಕ್ಕ ಮೊದಲ ಹಂತದಲ್ಲೇ ಅದನ್ನು ವಿವಾದಿಸಬೇಕಾಗುತ್ತದೆ, ಹಾಗೆ ವಿವಾದಿಸಬೇಕಾದರೆ ಅಂಚು, ಕೂದಲಿನ ಬುಡ, ಒಳಗಿನ ಎಳೆಗಳ ಬಗ್ಗೆ ವರದಿ ಮೌನವಾಗಿರುವುದನ್ನು ಓದಿ ಗುರುತಿಸಬಲ್ಲ ವಕೀಲರು ಬೇಕಾಗುತ್ತಾರೆ. ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲದ ಆರೋಪಿಗೆ ಕಾನೂನು ನೆರವಿನಿಂದ ಬರುವ ವಕೀಲರ ಕೈಯಲ್ಲಿ ಆ ವರದಿ ಎಷ್ಟು ದಿನ ಮೊದಲು ಇರುತ್ತದೆ ಎಂಬುದರ ಮೇಲೆ ಈಗ ಆ ಪ್ರಶ್ನೆಗಳು ಕೇಳಿಬರುತ್ತವೆಯೋ ಇಲ್ಲವೋ ಎಂಬುದು ನಿಂತಿದೆ.